ಹಳೆಯ ಅಂಗಳದ ಫೋಟೊಗೆ ನಾನು ಬರೆದ ನಾಲ್ಕು ಸಾಲು

ಹತ್ತೊಂಬತ್ತು ವರ್ಷಗಳ ನಂತರ ಹೊಳಲ್ಕೆರೆ ತಾಲ್ಲೂಕಿನ ನಮ್ಮ ಊರಿಗೆ ಹೋಗಿದ್ದೆ. ಅಜ್ಜನ ಮನೆಯ ಅಂಗಳದಲ್ಲಿ ತೆಗೆದ ಒಂದು ಫೋಟೊವನ್ನು ಇನ್‌ಸ್ಟಾಗ್ರಾಮ್‌ಗೆ ಹಾಕಬೇಕೆಂದುಕೊಂಡು, ಅದರ ಕೆಳಗೆ ಬರೆಯಬೇಕಾದ ನಾಲ್ಕು ಸಾಲುಗಳಿಗಾಗಿ ಎರಡು ದಿನ ಕಳೆದೆ. ಆ ಸಾಲುಗಳು ಹೇಗೆ ಬದಲಾದವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಫೋಟೊದ ವಿಷಯ. ಮನೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಮೇಲೆ ತೆರೆದ ಅಂಗಳವಾದ್ದರಿಂದ ನೆತ್ತಿಯ ಬಿಸಿಲು ನೇರವಾಗಿ ನೆಲಕ್ಕೆ ಬಿದ್ದು, ನೆಲ ಬೆಳ್ಳಗೆ, ಸುತ್ತಲಿನ ಪಡಸಾಲೆ ಕಪ್ಪಗೆ ಕಾಣುತ್ತಿತ್ತು. ಕಂಬಗಳ ಕೆತ್ತನೆಯಾಗಲಿ ಜಂತೆಗಳಾಗಲಿ ಚಿತ್ರದಲ್ಲಿ ಮೂಡಲಿಲ್ಲ. ಮರುದಿನ ಬೆಳಿಗ್ಗೆ ಏಳು ಗಂಟೆಗೆ, ಚಿಕ್ಕಮ್ಮ ಸಗಣಿ ಸಾರಿಸಿ ರಂಗೋಲಿ ಬಿಟ್ಟ ಮೇಲೆ, ಬಿಸಿಲು ಇನ್ನೂ ಗೋಡೆಯ ತಲೆಯ ಮೇಲಿರುವಾಗ ಇನ್ನೊಂದು ಚಿತ್ರ ತೆಗೆದೆ. ಅದರಲ್ಲಿ ಎಲ್ಲವೂ ಸಮವಾಗಿ ಕಾಣುತ್ತಿತ್ತು. ನಡುವೆ ರಂಗೋಲಿ, ಎಡಕ್ಕೆ ಕೊಟ್ಟಿಗೆಯ ಬಾಗಿಲು, ಬಲಮೂಲೆಯಲ್ಲಿ ನಾಲ್ಕು ಬೆರಳು ಎತ್ತರದ ಕಟ್ಟೆಯ ಮೇಲೆ ಒಂದು ಚಪ್ಪಡಿ ಕಲ್ಲು, ಹಿಂದೆ ಮಣ್ಣು ಉದುರಿದ ಗೋಡೆ.

ನಾನು ಬರೆದ ಮೊದಲ ಸಾಲು ಹೀಗಿತ್ತು: ‘ಹಾಳುಬಿದ್ದ ಅಜ್ಜನ ಮನೆಯಲ್ಲಿ ನೆನಪುಗಳ ಹುಡುಕಾಟ. ಎಷ್ಟೊಂದು ಬದಲಾಗಿದೆ! ತುಳಸಿ ಕಟ್ಟೆಯೂ ಈಗ ಬರೀ ಕಲ್ಲು.’ ಬರೆದಾಗ ಚೆನ್ನಾಗಿಯೇ ಇದೆ ಅನ್ನಿಸಿತು. ಸಂಜೆ ಮತ್ತೆ ಓದಿದಾಗ, ಇದನ್ನು ಯಾವ ಊರಿನ ಯಾವ ಮನೆಯ ಚಿತ್ರದ ಕೆಳಗೆ ಹಾಕಿದರೂ ನಡೆಯುತ್ತದೆ ಎಂಬುದು ಹೊಳೆಯಿತು. ಉದುರಿದ ಗೋಡೆ ಚಿತ್ರದಲ್ಲಿ ಕಾಣುತ್ತಲೇ ಇದೆ, ಅದನ್ನು ಮತ್ತೆ ಹೇಳಬೇಕಾಗಿಲ್ಲ. ಚಿತ್ರದಲ್ಲಿ ಕಾಣದಿರುವುದನ್ನು ಹೇಳುವುದಕ್ಕಾಗಿಯೇ ಕೆಳಗೆ ಸಾಲುಗಳು ಬೇಕು, ಮತ್ತು ನನ್ನ ಸಾಲುಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ.

ರಾತ್ರಿ ಊಟವಾದ ಮೇಲೆ ಅದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ‘ಹಾಳುಬಿದ್ದ’ ಎಂಬ ಮಾತಿಗೆ ಅವರು ಏನೂ ಅನ್ನಲಿಲ್ಲ, ಆದರೆ ಮುಖ ಬಾಡಿತು. ದಿನಾ ನಸುಕಿಗೆ ಎದ್ದು ಆ ಅಂಗಳವನ್ನು ಸಾರಿಸುವವರ ಮುಂದೆ, ಅವರೇ ಬಡಿಸಿದ ಊಟ ಉಂಡು, ಅವರು ಬಾಳುತ್ತಿರುವ ಮನೆಯನ್ನು ಹಾಳುಬಿದ್ದದ್ದೆಂದು ಓದಿದ್ದೆ. ಊರು ಬಿಟ್ಟು ಹೋದವನಿಗೆ ಮನೆ ನಿಂತುಹೋದಂತೆ ಕಾಣುವುದುಂಟು. ಅಲ್ಲೇ ಇರುವವರಿಗೆ ಅದು ಇವತ್ತಿನ ಮನೆ. ಆ ಪದವನ್ನು ಅಲ್ಲಿಯೇ ಅಳಿಸಿದೆ.

ಎರಡನೆಯ ತಪ್ಪನ್ನು ಅವರು ಬಾಯಿಬಿಟ್ಟೇ ಹೇಳಿದರು. ‘ಅದು ತುಳಸಿ ಕಟ್ಟೆ ಅಲ್ಲಪ್ಪ, ಹಗೇದ ಬಾಯಿ. ನಿಮ್ಮಜ್ಜ ಇರೋವರ್ಗೂ ರಾಗಿ ಅದ್ರಾಗೇ ಇರ್ತಿತ್ತು. ನೀನು ಸಣ್ಣೋನಿದ್ದಾಗ ಅದರ ಮ್ಯಾಲೆ ಕೂತ್ಕೊಂಡೇ ಉಣ್ತಿದ್ದೆ.’

ಹಗೇವು ಎಂಬ ಮಾತನ್ನು ಕೇಳಿ ಎಷ್ಟೋ ಕಾಲವಾಗಿತ್ತು. ನೆಲದಡಿಯಲ್ಲಿ ಆಳೆತ್ತರಕ್ಕಿಂತ ಆಳವಾಗಿ, ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿ ತೋಡಿದ ಕಣಜ ಅದು. ಒಳಗೋಡೆಗೆ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಸಂದುಗಳಿಗೆ ಮಣ್ಣು ಮೆತ್ತುತ್ತಿದ್ದರು. ಅಂಗಳದ ಎತ್ತರದ ಮೂಲೆಯಲ್ಲಿ, ಸುತ್ತ ಕಟ್ಟೆ ಕಟ್ಟಿ ಅದನ್ನು ಇಟ್ಟದ್ದು ಮಳೆಯ ನೀರು ಒಳಗೆ ಇಳಿಯಬಾರದೆಂದು. ಒಳಗೆ ತೇವ ಸೇರಿದರೆ ಕಾಳು ಬಿಸಿಯಾಗಿ ಮುಗ್ಗುತ್ತದೆ; ಸೇರದಿದ್ದರೆ ರಾಗಿ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ನನಗೆ ತುಳಸಿ ಕಟ್ಟೆಯಂತೆ ಕಂಡದ್ದು ಆ ನಾಲ್ಕು ಬೆರಳಿನ ಏರು.

ಅದನ್ನು ತೆಗೆಯುವ ದಿನದ ವಿಷಯವನ್ನು ಚಿಕ್ಕಮ್ಮ ಬಹಳ ಹೊತ್ತು ಹೇಳಿದರು. ಚಪ್ಪಡಿ ಸರಿಸಿದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಮುಚ್ಚಿದ ಜಾಗದಲ್ಲಿ ಕಾಳು ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸಿರುತ್ತದೆ, ಅದು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿಯೇ ನಿಂತಿರುತ್ತದೆ. ನಮ್ಮಜ್ಜ ಅದನ್ನು ಈ ಮಾತುಗಳಲ್ಲಿ ಹೇಳುತ್ತಿರಲಿಲ್ಲ, ‘ಒಳಗೆ ಝಳ ಐತೆ’ ಎನ್ನುತ್ತಿದ್ದರಂತೆ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಡುತ್ತಿದ್ದರು. ದೀಪ ಆರಿದರೆ ಮತ್ತೆ ಕಾಯುವುದು. ತಳದವರೆಗೂ ಉರಿಯುತ್ತಿದ್ದರೆ ಮಾತ್ರ ಒಬ್ಬರು ಇಳಿಯುವುದು. ಇಷ್ಟು ಕೇಳಿದ ಮೇಲೆ ಆ ಚಿತ್ರದ ಬಲಮೂಲೆಯೇ ನನಗೆ ಇಡೀ ಚಿತ್ರವಾಯಿತು. ರಂಗೋಲಿ, ಗೋಡೆ, ಕೊಟ್ಟಿಗೆ ಎಲ್ಲವನ್ನೂ ಬಿಟ್ಟು ಆ ಕಲ್ಲಿನ ಮಾತನ್ನೇ ಬರೆಯಲು ನಿಶ್ಚಯಿಸಿದೆ.

ಮೊದಲ ಸಾಲು ಯಾವುದೆಂಬುದಕ್ಕೆ ಇನ್‌ಸ್ಟಾಗ್ರಾಮ್‌ನಲ್ಲಿ ವಿಶೇಷ ಮಹತ್ವವಿದೆ. ಅಲ್ಲಿ ಒಟ್ಟು 2,200 ಅಕ್ಷರಗಳಿಗೆ ಅವಕಾಶವಿದ್ದರೂ ನೋಡುವವರಿಗೆ ಮೊದಲು ಕಾಣುವುದು ಆರಂಭದ ಒಂದೆರಡು ಸಾಲು ಮಾತ್ರ, ಉಳಿದದ್ದು ಮಡಚಿಕೊಂಡಿರುತ್ತದೆ. ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನೂ ಗಮನಿಸಬೇಕು: ಗುಣಿತದ ಗುರುತುಗಳೂ ಒತ್ತುಗಳೂ ಲೆಕ್ಕದಲ್ಲಿ ಬೇರೆಬೇರೆಯಾಗಿ ಸೇರುತ್ತವೆ. ‘ಮುಚ್ಚಳ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯಂತ್ರದ ಲೆಕ್ಕದಲ್ಲಿ ಆರು. ಹಾಗಾಗಿ ಹತ್ತೊಂಬತ್ತು ವರ್ಷಗಳ ಮಾತಿನಿಂದ ಆರಂಭಿಸಿದ್ದ ಎರಡನೆಯ ಕರಡನ್ನು ತಿರುಗಿಸಿ, ಕಲ್ಲನ್ನು ಮುಂದಕ್ಕೆ ತಂದು, ನನ್ನ ವಿಷಯವನ್ನು ಹಿಂದಕ್ಕೆ ಹಾಕಿದೆ.

ಬಳಿಕ ಎರಡು ಚಿಕ್ಕ ತಿದ್ದುಪಡಿಗಳಾದವು. ‘ನಾನು’ ಎಂಬುದು ಮೂರು ಕಡೆ ಇತ್ತು. ‘ಕುಳಿತಿದ್ದೇನೆ’ ಎಂದಾಗ ಯಾರೆಂಬುದು ಕ್ರಿಯಾಪದದಲ್ಲಿಯೇ ತಿಳಿಯುವುದರಿಂದ ಮೂರನ್ನೂ ತೆಗೆದೆ, ಸಾಲುಗಳು ಹಗುರಾದವು. ಎರಡನೆಯದು ಕಾಲದ್ದು. ಕರಡಿನಲ್ಲಿ ಎಲ್ಲ ವಾಕ್ಯಗಳೂ ‘ಇತ್ತು’, ‘ಆಗಿತ್ತು’ ಎಂದೇ ಮುಗಿಯುತ್ತಿದ್ದವು. ರಾಗಿ ಇದ್ದದ್ದು ಹಿಂದೆ, ಸರಿ. ಆದರೆ ಅಂಗಳ ಸಾರಿಸುವುದು ಇಂದು. ಎರಡಕ್ಕೂ ಒಂದೇ ಕಾಲವನ್ನು ಬಳಸಿದ್ದರಿಂದ ಚಿಕ್ಕಮ್ಮನೂ ನೆನಪಿನ ಪಾಲಾಗಿಬಿಟ್ಟಿದ್ದರು. ಊರಿನ ಹೆಸರನ್ನು ಬರೆಯದೆ ತಾಲ್ಲೂಕಿನ ಹೆಸರನ್ನಷ್ಟೇ ಉಳಿಸಿದೆ, ಏಕೆಂದರೆ ಹಗಲು ಹೊತ್ತಿನಲ್ಲಿ ಮನೆಯಲ್ಲಿ ಅವರೊಬ್ಬರೇ ಇರುತ್ತಾರೆ.

ಕೊನೆಗೆ ಉಳಿದದ್ದು ಇದು:

‘ಈ ಚಪ್ಪಡಿಯ ಕೆಳಗೆ ಅಜ್ಜನ ರಾಗಿ ಇರುತ್ತಿತ್ತು.
ಹಗೇವು ತೆಗೆದ ದಿನ ಮೊದಲು ಇಳಿಯುತ್ತಿದ್ದುದು ದೀಪ, ಆಮೇಲೆ ಮನುಷ್ಯ.
ಈಗ ಅದರಲ್ಲಿ ಕಾಳಿಲ್ಲ. ಅಂಗಳವನ್ನು ಮಾತ್ರ ಚಿಕ್ಕಮ್ಮ ದಿನಾ ನಸುಕಿಗೆ ಸಾರಿಸುತ್ತಾರೆ.
ಹತ್ತೊಂಬತ್ತು ವರ್ಷಗಳ ನಂತರ ಅದೇ ಕಲ್ಲಿನ ಮೇಲೆ ಕುಳಿತಿದ್ದೇನೆ. ಹೊಳಲ್ಕೆರೆ ತಾಲ್ಲೂಕು.’

ಹಾಕುವ ಮುನ್ನ ಇದನ್ನೂ ಚಿಕ್ಕಮ್ಮನಿಗೆ ಓದಿದೆ. ಮೂರನೆಯ ಸಾಲಿನಲ್ಲಿ ನಾನು ಮೊದಲು ‘ಈಗ ಅದು ಖಾಲಿ’ ಎಂದು ಬರೆದಿದ್ದೆ. ಮನೆಯ ಕಣಜವನ್ನು ಖಾಲಿ ಎನ್ನಬಾರದು, ‘ಕಾಳಿಲ್ಲ’ ಅಂತ ಬರಿ ಎಂದರು. ಹಾಗೆಯೇ ಬದಲಿಸಿ, ಅವರ ಎದುರಿಗೇ ಫೋಟೊ ಹಾಕಿದೆ.