ಪ್ರೀಮಿಯಂ ಹೆಚ್ಚಳದ ಪತ್ರವನ್ನು ನಾನು ಬರೆದ ಬಗೆ

ಆರೋಗ್ಯ ವಿಮಾ ಸಂಸ್ಥೆಯೊಂದರಲ್ಲಿ ಪಾಲಿಸಿದಾರರಿಗೆ ಹೋಗುವ ಪತ್ರಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ನವೀಕರಣದ ಸಮಯದಲ್ಲಿ ಪ್ರೀಮಿಯಂ ಹೆಚ್ಚಾಗಿದೆ ಎಂದು ತಿಳಿಸುವ ಪತ್ರವನ್ನು ಹೊಸದಾಗಿ ಬರೆಯುವ ಹೊಣೆ ನನಗೆ ಬಂದಾಗ, ಹಳೆಯ ಪತ್ರ ತಲುಪಿದ ಮೇಲೆ ಕಾಲ್ ಸೆಂಟರಿಗೆ ಬಂದ ಕರೆಗಳ ಧ್ವನಿಮುದ್ರಣಗಳನ್ನು ಮೊದಲು ಕೇಳಿದೆ. ಕರೆ ಮಾಡಿದವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ "ಇಷ್ಟು ಹೆಚ್ಚು ಯಾಕೆ?" ಎಂಬುದಾಗಿರಲಿಲ್ಲ, "ನಾನು ಕ್ಲೇಮು ಮಾಡಿದ್ದಕ್ಕೆ ಹೆಚ್ಚಿಸಿದಿರಾ?" ಎಂಬುದಾಗಿತ್ತು. ಕ್ಲೇಮನ್ನೇ ಮಾಡದವರು "ನನ್ನ ತಪಾಸಣೆಯ ವರದಿಯಲ್ಲಿ ಏನಾದರೂ ಕಂಡಿತೇ?" ಎಂದು ಕೇಳುತ್ತಿದ್ದರು. ಪತ್ರ ಕಾರಣವನ್ನು ಹೇಳದೆ ಬಿಟ್ಟ ಜಾಗವನ್ನು ಓದುಗರು ತಮ್ಮ ಊಹೆಯಿಂದ ತುಂಬಿಕೊಂಡಿದ್ದರು, ಮತ್ತು ಆ ಊಹೆ ಪ್ರತಿ ಸಲವೂ ವಾಸ್ತವಕ್ಕಿಂತ ಕೆಟ್ಟದಾಗಿತ್ತು.

ಹಳೆಯ ಪತ್ರ ಸುಳ್ಳೇನೂ ಹೇಳುತ್ತಿರಲಿಲ್ಲ. "ವೈದ್ಯಕೀಯ ಹಣದುಬ್ಬರ ಹಾಗೂ ಇತರ ಅಂಶಗಳ ಹಿನ್ನೆಲೆಯಲ್ಲಿ ದರಗಳನ್ನು ಪರಿಷ್ಕರಿಸಲಾಗಿದೆ" ಎಂದಷ್ಟೇ ಅದರಲ್ಲಿತ್ತು. ಆದರೆ "ಇತರ ಅಂಶಗಳು" ಎಂಬ ಎರಡು ಪದಗಳೊಳಗೆ ಓದುಗರ ಎಲ್ಲ ಭಯಗಳಿಗೂ ಜಾಗವಿತ್ತು. ಆದ್ದರಿಂದ ಹೊಸ ಪತ್ರಕ್ಕೆ ನಾನು ಒಂದೇ ಗುರಿಯನ್ನು ಇಟ್ಟುಕೊಂಡೆ: ಈ ವ್ಯಕ್ತಿಯ ಹಳೆಯ ಪ್ರೀಮಿಯಮ್ಮಿಗೂ ಹೊಸ ಪ್ರೀಮಿಯಮ್ಮಿಗೂ ಇರುವ ವ್ಯತ್ಯಾಸದ ಪ್ರತಿಯೊಂದು ಭಾಗವೂ ಎಲ್ಲಿಂದ ಬಂತು ಎಂಬುದನ್ನು ಹಣದ ಮೊತ್ತದಲ್ಲಿಯೇ ತೋರಿಸಬೇಕು, ಮತ್ತು ಅವುಗಳನ್ನು ಕೂಡಿದರೆ ಸರಿಯಾಗಿ ಆ ವ್ಯತ್ಯಾಸವೇ ಬರಬೇಕು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಪಾಲಿಸಿದಾರರೊಬ್ಬರು ಕಳೆದ ವರ್ಷ 20,000 ಕಟ್ಟಿದ್ದಾರೆ. ಈ ವರ್ಷ ಅವರಿಗೆ 51 ತುಂಬಿದ್ದರಿಂದ 46–50ರ ವಯೋಗುಂಪಿನಿಂದ 51–55ರ ಗುಂಪಿಗೆ ಬಂದಿದ್ದಾರೆ; ಆ ಗುಂಪಿನ ದರ ಶೇಕಡಾ 15ರಷ್ಟು ಹೆಚ್ಚು. ಈ ಯೋಜನೆಯಲ್ಲಿರುವ ಎಲ್ಲರಿಗೂ ದರ ಶೇಕಡಾ 10ರಷ್ಟು ಏರಿದೆ. ವರ್ಷವಿಡೀ ಕ್ಲೇಮು ಮಾಡದಿದ್ದಕ್ಕೆ ಅವರಿಗೆ ಹೊಸದಾಗಿ ಶೇಕಡಾ 5ರ ರಿಯಾಯಿತಿ ಸಿಕ್ಕಿದೆ. ಲೆಕ್ಕ ಹೀಗಾಗುತ್ತದೆ: ವಯಸ್ಸಿನಿಂದ 3,000 ಸೇರಿ 23,000; ದರದ ಏರಿಕೆಯಿಂದ 2,300 ಸೇರಿ 25,300; ರಿಯಾಯಿತಿಯಿಂದ 1,265 ಕಳೆದು 24,035. ಒಟ್ಟು ಹೆಚ್ಚಳ 4,035.

ಇಲ್ಲಿ ಹೊರಗಿನವರಿಗೆ ಕಾಣದ ಒಂದು ತೊಡಕಿದೆ. ಈ ಶೇಕಡಾವಾರುಗಳು ಒಂದರ ಮೇಲೊಂದು ಗುಣಿಸಿಕೊಳ್ಳುವುದರಿಂದ, ಯಾವುದನ್ನು ಮೊದಲು ಲೆಕ್ಕ ಹಾಕುತ್ತೇವೆ ಎಂಬುದರ ಮೇಲೆ ಪ್ರತಿ ಕಾರಣದ ಪಾಲು ಬದಲಾಗುತ್ತದೆ. ದರದ ಏರಿಕೆಯನ್ನು ಮೊದಲು ತೆಗೆದುಕೊಂಡರೆ ಅದರ ಪಾಲು 2,000 ಆಗಿ, ವಯಸ್ಸಿನ ಪಾಲು 3,300 ಆಗುತ್ತದೆ. ಕೊನೆಯ ಮೊತ್ತ ಎರಡು ಕ್ರಮದಲ್ಲಿಯೂ ಒಂದೇ, ಆದರೆ ನಡುವಿನ 300 ಯಾರ ಖಾತೆಗೆ ಸೇರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ವಯಸ್ಸು ಪಾಲಿಸಿದಾರರ ಕೈಯಲ್ಲಿಲ್ಲ. ದರವನ್ನು ಏರಿಸಿದ್ದು ನಮ್ಮ ತೀರ್ಮಾನ. ಆದ್ದರಿಂದ ಎರಡೂ ಸೇರಿ ಹುಟ್ಟಿದ ಆ ಹಣವನ್ನು ನಮ್ಮ ತೀರ್ಮಾನದ ಸಾಲಿಗೇ ಸೇರಿಸುವುದು ಪ್ರಾಮಾಣಿಕವೆಂದು ವಾದಿಸಿದೆ, ವಿಮೆಯ ದರಗಳನ್ನು ಲೆಕ್ಕ ಹಾಕುವ ಆಕ್ಚುಯರಿಗಳೂ ಒಪ್ಪಿದರು. ಅದಕ್ಕಿಂತ ಮುಖ್ಯವಾದುದೆಂದರೆ, ಕ್ರಮ ಯಾವುದೇ ಇರಲಿ, ಎಲ್ಲ ಪತ್ರಗಳಲ್ಲಿಯೂ ಅದು ಒಂದೇ ಆಗಿರಬೇಕು. ಒಂದೇ ಮನೆಯ ಇಬ್ಬರು ತಮ್ಮ ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಅಲ್ಲಿ ಲೆಕ್ಕದ ಕ್ರಮ ಬೇರೆ ಬೇರೆಯಾಗಿದ್ದರೆ ಇಬ್ಬರೂ ಎರಡನ್ನೂ ನಂಬುವುದಿಲ್ಲ. ಪೂರ್ಣಾಂಕಕ್ಕೆ ಇಳಿಸುವಾಗ ಒಂದೆರಡು ರೂಪಾಯಿಯ ವ್ಯತ್ಯಾಸ ಬಂದರೆ ಅದನ್ನು ಅತಿ ದೊಡ್ಡ ಸಾಲಿನಲ್ಲಿ ಸರಿಹೊಂದಿಸುವಂತೆ ತಂತ್ರಾಂಶದವರಿಗೆ ಹೇಳಿದೆ.

ದರದ ಏರಿಕೆಯನ್ನು ವಿವರಿಸುವ ಸಾಲಿಗೇ ನಾನು ಅತಿ ಹೆಚ್ಚು ಸಮಯ ಕೊಟ್ಟೆ. ಚಿಕಿತ್ಸೆಯ ಸರಾಸರಿ ವೆಚ್ಚ ಶೇಕಡಾ 8ರಷ್ಟು ಏರಿದೆ ಎಂದು ಬರೆದು, ದರವನ್ನು ಶೇಕಡಾ 10ರಷ್ಟು ಏರಿಸಿದರೆ, ಗಮನವಿಟ್ಟು ಓದುವವರು ಉಳಿದ 2 ಎಲ್ಲಿಂದ ಬಂತೆಂದು ಕೇಳಿಯೇ ಕೇಳುತ್ತಾರೆ. ಕಾರಣ ಡಿಡಕ್ಟಿಬಲ್, ಅಂದರೆ ಪ್ರತಿ ಬಿಲ್ಲಿನಲ್ಲಿ ಪಾಲಿಸಿದಾರರೇ ಕಟ್ಟುವ ನಿಗದಿತ ಮೊತ್ತ. ಅದು 20,000 ಇರುವಾಗ 1,00,000ದ ಬಿಲ್ಲಿಗೆ ಸಂಸ್ಥೆ 80,000 ಕೊಡುತ್ತದೆ. ಅದೇ ಬಿಲ್ಲು 1,08,000ಕ್ಕೆ ಏರಿದಾಗ ಪಾಲಿಸಿದಾರರ ಪಾಲು 20,000 ಆಗಿಯೇ ನಿಂತು, ಸಂಸ್ಥೆಯ ಪಾಲು 88,000 ಆಗುತ್ತದೆ. ಬಿಲ್ಲು ಏರಿದ್ದು ಶೇಕಡಾ 8, ಸಂಸ್ಥೆ ಕೊಡುವ ಹಣ ಏರಿದ್ದು ಶೇಕಡಾ 10. ಇದನ್ನು ಪತ್ರದಲ್ಲಿ ಹಾಕಿದರೆ ಜನ ಗೊಂದಲಗೊಳ್ಳುತ್ತಾರೆ ಎಂದು ಒಳಗಿನ ಕೆಲವರು ಹೇಳಿದರು. ನಾನು ಡಿಡಕ್ಟಿಬಲ್ ಎಂಬ ಪದಕ್ಕೆ ಕೈಹಾಕದೆ ಹೀಗೆ ಬರೆದೆ: "ಪ್ರತಿ ಬಿಲ್ಲಿನಲ್ಲಿ ನೀವು ಕಟ್ಟುವ ಮೊದಲ 20,000 ಈ ವರ್ಷವೂ ಅಷ್ಟೇ ಇರುತ್ತದೆ. ಚಿಕಿತ್ಸೆಯ ಬೆಲೆ ಏರಿದಾಗ ಆ ಏರಿಕೆಯನ್ನೆಲ್ಲ ನಾವು ಕೊಡುತ್ತೇವೆ. ಆದ್ದರಿಂದ ಬಿಲ್ಲುಗಳು ಶೇಕಡಾ 8ರಷ್ಟು ಏರಿದರೆ ನಮ್ಮ ಪಾಲು ಅದಕ್ಕಿಂತ ಹೆಚ್ಚು ಏರುತ್ತದೆ." ಕರಡನ್ನು ವಿಮೆಯ ಕೆಲಸಕ್ಕೆ ಸಂಬಂಧವಿಲ್ಲದವರಿಗೆ ಕೊಟ್ಟು ಓದಿಸಿದಾಗ, ಅವರು ತಮ್ಮ ಮಾತಿನಲ್ಲಿ ಮತ್ತೆ ಹೇಳಬಲ್ಲವರಾಗಿದ್ದ ಭಾಗ ಇದೇ ಆಗಿತ್ತು.

ವಯಸ್ಸಿನ ಸಾಲು ಚಿಕ್ಕದಾದರೂ ಸೂಕ್ಷ್ಮವಾದದ್ದು. "ನಿಮಗೆ 51 ತುಂಬಿರುವುದರಿಂದ ನೀವು 51–55ರ ವಯೋಗುಂಪಿಗೆ ಬಂದಿದ್ದೀರಿ. ವಯಸ್ಸಿನ ಕಾರಣದ ಮುಂದಿನ ಬದಲಾವಣೆ ನಿಮಗೆ 56 ತುಂಬಿದಾಗ" ಎಂದು ಬರೆದೆ. ಪ್ರತಿ ವರ್ಷವೂ ಹೀಗೆಯೇ ಏರುತ್ತದೆಯೇ ಎಂಬ ಆತಂಕಕ್ಕೆ ಎರಡನೆಯ ವಾಕ್ಯ ಉತ್ತರ ಕೊಡುತ್ತದೆ. ಹಾಗೆಂದು ಮುಂದಿನ ವರ್ಷ ಪ್ರೀಮಿಯಂ ಏರುವುದಿಲ್ಲ ಎಂಬ ಅರ್ಥ ಬರಬಾರದು. ಅದಕ್ಕಾಗಿ "ಚಿಕಿತ್ಸೆಯ ವೆಚ್ಚವನ್ನು ಪ್ರತಿ ವರ್ಷ ಪರಿಶೀಲಿಸುತ್ತೇವೆ" ಎಂಬುದನ್ನು ಅದರ ಪಕ್ಕದಲ್ಲಿಯೇ ಇಟ್ಟೆ.

ಇದರ ನಂತರ ಬರುವುದು ಯಾವುದು ಕಾರಣವಲ್ಲ ಎಂಬ ವಾಕ್ಯ: "ನಿಮ್ಮ ಆರೋಗ್ಯದ ಸ್ಥಿತಿಯಾಗಲಿ, ನೀವು ಮಾಡಿದ ಯಾವುದೇ ಕ್ಲೇಮಾಗಲಿ ಈ ಹೆಚ್ಚಳಕ್ಕೆ ಕಾರಣವಲ್ಲ." ಕರೆಗಳನ್ನು ಕಡಿಮೆ ಮಾಡಿದ್ದು ಬೇರೆಲ್ಲದಕ್ಕಿಂತ ಹೆಚ್ಚಾಗಿ ಈ ವಾಕ್ಯವೇ ಎಂದು ನಾನು ನಂಬುತ್ತೇನೆ. ಆದರೆ ಇದು ನಿಜವಾಗಿರುವ ಪತ್ರಗಳಲ್ಲಿ ಮಾತ್ರ ಮುದ್ರಣವಾಗಬೇಕು. ಹಿಂದಿನ ವರ್ಷ ರಿಯಾಯಿತಿ ಪಡೆದಿದ್ದು, ಈ ವರ್ಷ ಕ್ಲೇಮು ಮಾಡಿದ್ದರಿಂದ ಅದನ್ನು ಕಳೆದುಕೊಂಡವರ ಪ್ರೀಮಿಯಂ ಏರಿರುವುದರಲ್ಲಿ ಕ್ಲೇಮಿನ ಪಾಲು ಇದ್ದೇ ಇದೆ. ಅವರಿಗೆ ಬೇರೆ ವಾಕ್ಯ ಬೇಕು: "ಕ್ಲೇಮು ಮಾಡಿದ್ದಕ್ಕೆ ನಿಮ್ಮ ದರವನ್ನು ಹೆಚ್ಚಿಸಿಲ್ಲ, ಕ್ಲೇಮು ಇಲ್ಲದ ವರ್ಷಕ್ಕೆ ಸಿಗುವ ರಿಯಾಯಿತಿ ಮಾತ್ರ ಈ ಸಲ ಇರುವುದಿಲ್ಲ." ಒಂದೇ ಮಾದರಿಯನ್ನು ಎಲ್ಲರಿಗೂ ಕಳಿಸುವ ಸಂಸ್ಥೆಗಳು ಎಡವುವುದು ಇಲ್ಲಿಯೇ.

ಭಾಷೆಯ ವಿಷಯದಲ್ಲಿ ಕೆಲವೇ ನಿರ್ಧಾರಗಳು ಸಾಕಾದವು. "ಪರಿಷ್ಕರಿಸಲಾಗಿದೆ" ಎಂಬ ಕಡೆ "ಹೆಚ್ಚಾಗಿದೆ" ಎಂದೇ ಬರೆದೆ. "ದಯವಿಟ್ಟು ಆತಂಕಪಡಬೇಡಿ" ಎಂಬ ಸಾಲನ್ನು ತೆಗೆದುಹಾಕಿದೆ, ಏಕೆಂದರೆ ಅದನ್ನು ಓದುವವರೆಗೆ ಆತಂಕವಿಲ್ಲದವರಿಗೂ ಅದು ಆತಂಕದ ಸುಳಿವು ಕೊಡುತ್ತದೆ. ಹಳೆಯ ಮೊತ್ತ, ಹೊಸ ಮೊತ್ತ, ಕಟ್ಟಬೇಕಾದ ಕೊನೆಯ ದಿನ, ಈ ಮೂರು ಮೊದಲ ಕೆಲವೇ ಸಾಲುಗಳಲ್ಲಿ ಬರಬೇಕೆಂದು ಪಟ್ಟುಹಿಡಿದೆ. ಸೌಲಭ್ಯಗಳ ವಿವರಣೆಯಿಂದ ಪತ್ರವನ್ನು ಆರಂಭಿಸಿ, ಮೊತ್ತವನ್ನು ಕೊನೆಗೆ ಹೇಳಬೇಕೆಂಬ ಸಲಹೆ ಮಾರಾಟ ವಿಭಾಗದಿಂದ ಬಂದಿತ್ತು. ಆದರೆ ಓದುಗರು ಅಂಕಿಯನ್ನು ಹುಡುಕಿಕೊಂಡು ಹೋಗಿ, ಅದನ್ನು ಕೊನೆಯಲ್ಲಿ ಕಂಡಾಗ, ಅಡಗಿಸಿಟ್ಟಿದ್ದರೆಂದೇ ತಿಳಿಯುತ್ತಾರೆ.

ಆಯ್ಕೆಗಳ ಭಾಗದಲ್ಲಿ ಮೊದಲನೆಯದಾಗಿ "ನೀವು ಏನನ್ನೂ ಬದಲಿಸದಿದ್ದರೆ ಈಗಿನ ರಕ್ಷಣೆಯೇ ಮುಂದುವರಿಯುತ್ತದೆ" ಎಂದು ಇಟ್ಟೆ. ಡಿಡಕ್ಟಿಬಲ್ ಹೆಚ್ಚಿಸಿಕೊಳ್ಳುವುದು, ವಿಮಾ ಮೊತ್ತವನ್ನು ಇಳಿಸಿಕೊಳ್ಳುವುದು ಆಮೇಲೆ ಬರುತ್ತವೆ. ಪ್ರತಿಯೊಂದರ ಪಕ್ಕದಲ್ಲಿ ಉಳಿಯುವ ಹಣವನ್ನೂ, ಬಿಟ್ಟುಕೊಡುವುದನ್ನೂ ಒಂದೇ ಗಾತ್ರದ ಅಕ್ಷರಗಳಲ್ಲಿ ಬರೆಸಿದೆ. ನಮ್ಮ ಯೋಜನೆಯಲ್ಲಿ ಒಮ್ಮೆ ಇಳಿಸಿದ ವಿಮಾ ಮೊತ್ತವನ್ನು ಮತ್ತೆ ಏರಿಸಬೇಕಾದರೆ ಹೊಸ ತಪಾಸಣೆ ಬೇಕಾಗಬಹುದು, ಮತ್ತು ಏರಿಸಿದ ಭಾಗಕ್ಕೆ ಕಾಯುವ ಅವಧಿ, ಅಂದರೆ ಕೆಲವು ಕಾಯಿಲೆಗಳಿಗೆ ಹಣ ಸಿಗದ ಆರಂಭದ ಕಾಲ, ಮತ್ತೆ ಮೊದಲಿನಿಂದ ಆರಂಭವಾಗುತ್ತದೆ; ಇದನ್ನು ಹೇಳದೆ ಅಗ್ಗದ ಆಯ್ಕೆಯನ್ನು ತೋರಿಸುವುದು ತಪ್ಪು. ಬೇರೆ ಸಂಸ್ಥೆಗೆ ಹೋಗುವ ಯೋಚನೆಯಿದ್ದರೆ ಅಲ್ಲಿಂದ ಲಿಖಿತ ಒಪ್ಪಿಗೆ ಬರುವವರೆಗೆ ಈ ಪಾಲಿಸಿಯನ್ನು ಬಿಡಬೇಡಿ ಎಂಬ ಸಾಲನ್ನೂ ಸೇರಿಸಿದೆ. ಗ್ರಾಹಕರನ್ನು ನಾವೇ ಹೊರಗೆ ಕಳುಹಿಸಿದಂತಾಗುತ್ತದೆ ಎಂಬ ಆಕ್ಷೇಪ ಬಂತು. ಗಾಬರಿಯಲ್ಲಿ ಪಾಲಿಸಿಯನ್ನು ಬಿಡುವವರು ಹೆಚ್ಚಾಗಿ ಆರೋಗ್ಯವಂತರು. ಕಾಯಿಲೆ ಇರುವವರು ಹೇಗಾದರೂ ಕಟ್ಟಿ ಉಳಿದುಕೊಳ್ಳುತ್ತಾರೆ. ಹಾಗೆ ಆದಾಗ ಉಳಿದವರ ಸರಾಸರಿ ವೆಚ್ಚ ಏರಿ, ಮುಂದಿನ ವರ್ಷದ ಹೆಚ್ಚಳ ಇನ್ನೂ ದೊಡ್ಡದಾಗುತ್ತದೆ. ನಿಧಾನವಾಗಿ ಯೋಚಿಸಿ ತೀರ್ಮಾನಿಸಲು ಸಮಯ ಕೊಡುವುದು ಸಂಸ್ಥೆಗೂ ಒಳ್ಳೆಯದು ಎಂದು ವಿವರಿಸಿದ ಮೇಲೆ ಆ ಸಾಲು ಉಳಿಯಿತು.

ಬ್ಯಾಂಕ್ ಖಾತೆಯಿಂದ ಪ್ರೀಮಿಯಂ ತಾನಾಗಿಯೇ ಕಡಿತವಾಗುವವರಿಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಅವರು ಕೊಟ್ಟಿರುವ ಅನುಮತಿಗೆ ಒಂದು ಗರಿಷ್ಠ ಮಿತಿ ಇರಬಹುದು. ಹೊಸ ಮೊತ್ತ ಆ ಮಿತಿಯನ್ನು ದಾಟಿದರೆ ಕಡಿತ ವಿಫಲವಾಗುತ್ತದೆ, ಹಣ ಹೋಗಿದೆಯೆಂದು ತಿಳಿದವರ ಪಾಲಿಸಿ ಅವರಿಗೆ ಗೊತ್ತಿಲ್ಲದೆಯೇ ನಿಂತುಹೋಗುತ್ತದೆ. ಮಿತಿ 22,000 ಇದ್ದು ಮೊತ್ತ 24,035 ಆಗಿರುವವರನ್ನು ತಂತ್ರಾಂಶದಲ್ಲಿಯೇ ಗುರುತಿಸಿ, ಅವರ ಪತ್ರದ ಮೊದಲ ಭಾಗದಲ್ಲಿ "ನೀವು ಈ ಸಲ ಅನುಮತಿಯನ್ನು ನವೀಕರಿಸಬೇಕು" ಎಂದು ದಿನಾಂಕ ಸಹಿತ ಬರೆಸಿದೆ.

ಪತ್ರ ಹೊರಡುವ ಮುನ್ನ ಅದರಲ್ಲಿರುವ ಅದೇ ಲೆಕ್ಕ, ಅದೇ ಸಾಲುಗಳ ಕ್ರಮದಲ್ಲಿ, ಕಾಲ್ ಸೆಂಟರಿನವರ ಪರದೆಯಲ್ಲಿಯೂ ಕಾಣುವಂತೆ ಮಾಡಿಸಿದೆ. ಹೊಸ ಪತ್ರ ತಲುಪಿದ ಮೇಲೆ ನಾನು ಗಮನಿಸಿದ್ದು ಕರೆಗಳ ಸಂಖ್ಯೆಗಿಂತ ಹೆಚ್ಚಾಗಿ ಅವುಗಳ ಮೊದಲ ಪ್ರಶ್ನೆಯನ್ನು. "ನನ್ನ ಕ್ಲೇಮಿನಿಂದ ಆಯಿತೇ?" ಎಂಬುದು ವಿರಳವಾಗಿ, "ಡಿಡಕ್ಟಿಬಲ್ ಹೆಚ್ಚಿಸಿಕೊಂಡರೆ ಎಷ್ಟು ಕಡಿಮೆಯಾಗುತ್ತದೆ?" ಎಂಬಂಥ ಪ್ರಶ್ನೆಗಳು ಮುಂದೆ ಬಂದವು. ಆದರೆ ಹೆಚ್ಚಳವೇ ತೀರಾ ದೊಡ್ಡದಾಗಿರುವ ಪಾಲಿಸಿದಾರರ ವಿಷಯದಲ್ಲಿ ಪತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಸಾಲದು. ಅಂಥವರ ಪಟ್ಟಿಯನ್ನು ಬೇರೆ ಮಾಡಿ, ಪತ್ರ ತಲುಪುವ ಮೊದಲೇ ಅನುಭವಿ ಸಿಬ್ಬಂದಿಯೊಬ್ಬರು ಕರೆ ಮಾಡಿ, ಮೊತ್ತವನ್ನೂ ಕಾರಣವನ್ನೂ ಆಯ್ಕೆಗಳನ್ನೂ ಮಾತಿನಲ್ಲಿಯೇ ತಿಳಿಸುವ ವ್ಯವಸ್ಥೆಯನ್ನು ಈಗ ಇಟ್ಟುಕೊಂಡಿದ್ದೇವೆ.