ಖಾಲಿ ಜಾಗಕ್ಕೆ ಸೆರ್ ಬೇಕೋ, ಎಸ್ತಾರ್ ಬೇಕೋ?

ಸ್ಪ್ಯಾನಿಷ್ ಕಲಿಯುವವರಿಗೆ ಮೊದಲ ತಿಂಗಳಲ್ಲೇ ಎದುರಾಗುವ ಬಹುಆಯ್ಕೆಯ ಪ್ರಶ್ನೆಯೆಂದರೆ, ವಾಕ್ಯದ ಖಾಲಿ ಜಾಗದಲ್ಲಿ ‘ಎಸ್’ ಬರೆಯಬೇಕೋ ‘ಎಸ್ತಾ’ ಬರೆಯಬೇಕೋ ಎಂಬುದು. ಮೊದಲನೆಯದು ‘ಸೆರ್’ ಕ್ರಿಯಾಪದದ ರೂಪ, ಎರಡನೆಯದು ‘ಎಸ್ತಾರ್’ ಕ್ರಿಯಾಪದದ್ದು; ಕನ್ನಡದಲ್ಲಿ ಎರಡಕ್ಕೂ ‘ಇರು’ ಎಂದೇ ಅರ್ಥ. ಶಾಶ್ವತವಾದುದಕ್ಕೆ ಸೆರ್, ತಾತ್ಕಾಲಿಕವಾದುದಕ್ಕೆ ಎಸ್ತಾರ್ ಎಂಬ ಸೂತ್ರವನ್ನು ಬಾಯಿಪಾಠ ಮಾಡಿಕೊಂಡವರು ಇದರಲ್ಲಿ ಅಂಕ ಕಳೆದುಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಸಾವಿಗಿಂತ ಶಾಶ್ವತವಾದುದು ಯಾವುದಿದೆ? ಆದರೂ ‘ಅವನು ಸತ್ತಿದ್ದಾನೆ’ ಎನ್ನಲು ‘ಎಸ್ತಾ ಮುಯೆರ್ತೊ’ ಎನ್ನಬೇಕು. ಗಂಟೆ ಮೂರಾಗಿರುವುದು ಕ್ಷಣಕಾಲ ಮಾತ್ರ, ಆದರೂ ಅಲ್ಲಿ ‘ಸೊನ್ ಲಾಸ್ ತ್ರೆಸ್’ ಎಂದು ಸೆರ್ ಬರುತ್ತದೆ. ಈ ಸೂತ್ರವನ್ನು ಮರೆತುಬಿಡುವುದೇ ಮೊದಲ ಹೆಜ್ಜೆ.

ಎರಡನೆಯ ಹೆಜ್ಜೆ, ಖಾಲಿ ಜಾಗದ ಬಲಕ್ಕೆ ಏನಿದೆ ಎಂದು ನೋಡುವುದು. ನಾಮಪದವಿದ್ದರೆ ಸೆರ್, ‘ಲೆಯೆಂದೊ’, ‘ಕಾಂತಾಂದೊ’ ಎಂಬಂತೆ ನಡೆಯುತ್ತಿರುವ ಕ್ರಿಯೆಯಿದ್ದರೆ ಎಸ್ತಾರ್. ಇಲ್ಲಿಗೆ ಸುಲಭದ ಪ್ರಶ್ನೆಗಳು ಮುಗಿದವು.

ಸ್ಥಳ ಸೂಚಿಸುವ ವಾಕ್ಯದಲ್ಲಿ ಸ್ವಲ್ಪ ಎಚ್ಚರ ಬೇಕು. ಎಸ್ತಾರ್ ಬಂದಿರುವುದು ‘ನಿಲ್ಲು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ನಮ್ಮ ‘ಸ್ಥಾನ’, ‘ಸ್ಥಿತಿ’ ಪದಗಳ ಹಿಂದಿರುವ ಸಂಸ್ಕೃತದ ‘ಸ್ಥಾ’ ಅದರದೇ ಬಳಗದ್ದು. ಆದ್ದರಿಂದ ಸ್ಥಾನ ಮತ್ತು ಸ್ಥಿತಿಗೆ ಎಸ್ತಾರ್ ಎಂದು ನೆನಪಿಟ್ಟುಕೊಂಡರೆ ಬಹುಪಾಲು ಸರಿಹೋಗುತ್ತದೆ. ಆದರೆ ‘ಎಲ್ ಎಕ್ಸಾಮೆನ್ ___ ಎನ್ ಎಲ್ ಆವ್ಲಾ ಕ್ವಾತ್ರೊ’, ಅಂದರೆ ಪರೀಕ್ಷೆ ನಾಲ್ಕನೆಯ ಕೊಠಡಿಯಲ್ಲಿ ಇದೆ ಎಂಬ ವಾಕ್ಯಕ್ಕೆ ‘ಎಸ್’ ಸರಿಯುತ್ತರ. ಕನ್ನಡದ ‘ಇದೆ’ಯನ್ನು ‘ನಡೆಯುತ್ತದೆ’ ಎಂದು ಬದಲಿಸಿ ನೋಡಿ. ಅರ್ಥ ಕೆಡದಿದ್ದರೆ ಅದು ವಸ್ತುವಲ್ಲ, ಘಟನೆ, ಮತ್ತು ಘಟನೆಗೆ ಸೆರ್ ಬೇಕು. ಅದೇ ‘ಎಕ್ಸಾಮೆನ್’ ಪದವು ಮೇಜಿನ ಮೇಲಿರುವ ಪ್ರಶ್ನೆಪತ್ರಿಕೆಯನ್ನು ಸೂಚಿಸಿದರೆ ‘ಎಸ್ತಾ ಸೋಬ್ರೆ ಲಾ ಮೇಸಾ’ ಎನ್ನಬೇಕು, ಏಕೆಂದರೆ ಮೇಜಿನ ಮೇಲೆ ಕಾಗದ ಇರುತ್ತದೆ, ನಡೆಯುವುದಿಲ್ಲ.

ಹೆಚ್ಚಿನವರು ಎಡವುವುದು ಬಲಕ್ಕೆ ಗುಣವಾಚಕವಿದ್ದಾಗ. ಕನ್ನಡವೂ ಇಲ್ಲಿ ಕೈಕೊಡುತ್ತದೆ, ಏಕೆಂದರೆ ‘ಎತ್ತರವಾಗಿದ್ದಾಳೆ’, ‘ಸುಸ್ತಾಗಿದ್ದಾಳೆ’ ಎರಡಕ್ಕೂ ನಾವು ಒಂದೇ ‘ಇದ್ದಾಳೆ’ ಬಳಸುತ್ತೇವೆ; ಸ್ಪ್ಯಾನಿಷ್ ಮೊದಲನೆಯದಕ್ಕೆ ‘ಎಸ್ ಆಲ್ತಾ’, ಎರಡನೆಯದಕ್ಕೆ ‘ಎಸ್ತಾ ಕಾನ್ಸಾದಾ’ ಎನ್ನುತ್ತದೆ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ, ಹೋಲಿಕೆ ಯಾವುದರೊಂದಿಗೆ ಎಂಬುದು. ಇತರರೊಂದಿಗೆ ಹೋಲಿಸಿ ಇವಳು ಇಂಥ ಬಗೆಯವಳು ಎಂದು ವರ್ಗೀಕರಿಸಿದರೆ ಸೆರ್. ಅವಳನ್ನು ಅವಳದೇ ಬೇರೊಂದು ಸ್ಥಿತಿಯೊಂದಿಗೆ ಹೋಲಿಸಿದರೆ ಎಸ್ತಾರ್. ಬಹಳ ದಿನಗಳ ನಂತರ ಕಂಡ ಹುಡುಗನಿಗೆ ‘ಎಷ್ಟು ಎತ್ತರ ಆಗಿದ್ದೀಯ!’ ಎನ್ನುವಾಗ ಎತ್ತರವೂ ಎಸ್ತಾರ್‌ಗೆ ಸೇರಿ ‘ಕೆ ಆಲ್ತೊ ಎಸ್ತಾಸ್’ ಆಗುತ್ತದೆ, ಏಕೆಂದರೆ ಹೋಲಿಕೆ ನಡೆದಿರುವುದು ಹಿಂದೆ ಕಂಡಿದ್ದ ಅವನೊಂದಿಗೇ.

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸೋಣ. ‘ನೊ ಕೋಮಾಸ್ ಎಸಾಸ್ ಮನ್ಸಾನಾಸ್, ___ ಬೆರ್ದೆಸ್.’ ಆಯ್ಕೆಗಳು ‘ಸೊನ್’ ಮತ್ತು ‘ಎಸ್ತಾನ್’. ‘ಬೆರ್ದೆ’ ಎಂದರೆ ಹಸಿರು. ಸೇಬಿನ ಬಣ್ಣ ಅದರ ಗುಣವಲ್ಲವೇ ಎಂದು ‘ಸೊನ್’ಗೆ ಗುರುತು ಹಾಕಿದರೆ ತಪ್ಪು. ವಾಕ್ಯದ ಮೊದಲ ಭಾಗ ‘ಆ ಸೇಬುಗಳನ್ನು ತಿನ್ನಬೇಡ’ ಎನ್ನುತ್ತಿದೆ. ಬಣ್ಣವೊಂದೇ ಬೇಡವೆನ್ನಲು ಕಾರಣವಾಗದು. ಅವು ಇನ್ನೂ ಕಾಯಿ, ಮುಂದೆ ಹಣ್ಣಾಗಲಿವೆ. ಹೀಗಾಗಿ ‘ಎಸ್ತಾನ್’. ‘ಲಿಸ್ತೊ’, ‘ಅಬುರ್ರೀದೊ’ ಪದಗಳಿಗೂ ಇದೇ ತರ್ಕ: ಸೆರ್ ಜೊತೆ ಅವು ಜಾಣ ಮತ್ತು ಬೇಸರ ತರಿಸುವವ, ಎಸ್ತಾರ್ ಜೊತೆ ಸಿದ್ಧನಾದವ ಮತ್ತು ಬೇಸರಗೊಂಡವ. ಸುಳಿವು ಸದಾ ವಾಕ್ಯದ ಉಳಿದರ್ಧದಲ್ಲಿರುವುದರಿಂದ, ಅದನ್ನು ಓದದೆ ಆಯ್ಕೆಗಳತ್ತ ಕಣ್ಣು ಹಾಯಿಸಲೇಬೇಡಿ. ಬರೀ ಉತ್ತರಗಳ ಪಟ್ಟಿ ಕೊಟ್ಟು ಕಾರಣ ಕೊಡದ ಅಗ್ಗದ ಗೈಡುಗಳು ಈ ಅಭ್ಯಾಸವನ್ನೇ ಕೆಡಿಸುತ್ತವೆ. ನನ್ನ ಮಾತು ಕೇಳುವುದಾದರೆ, ಪ್ರತಿ ಉತ್ತರದ ಪಕ್ಕದಲ್ಲಿ ಕಾರಣವನ್ನು ಕನ್ನಡದಲ್ಲೇ ಒಂದು ಸಾಲು ಬರೆಯಿರಿ.

ಕೊನೆಯದಾಗಿ, ಕ್ರಿಯೆ ಮುಗಿದು ಉಳಿದ ಸ್ಥಿತಿ. ಇಲ್ಲಿ ಕನ್ನಡ ಕೈಹಿಡಿಯುತ್ತದೆ. ‘ಬಾಗಿಲು ತೆರೆದಿದೆ’ ಎನ್ನುವಲ್ಲಿ ‘ತೆರೆದು’ ಮತ್ತು ‘ಇದೆ’ ಕೂಡಿರುವಂತೆಯೇ ‘ಲಾ ಪುಯೆರ್ತಾ ಎಸ್ತಾ ಅಬಿಯೆರ್ತಾ’. ಮೇಲಿನ ‘ಸತ್ತಿದ್ದಾನೆ’ಯೂ ಹೀಗೆಯೇ. ಆದರೆ ಬಾಗಿಲು ಯಾರಿಂದಲೋ ತೆರೆಯಲ್ಪಟ್ಟಿತು ಎಂದು ‘ಪೊರ್’ ಸೇರಿಸಿ ಹೇಳಿದರೆ ಸೆರ್‌ನ ಭೂತಕಾಲದ ರೂಪವಾದ ‘ಫುಯೆ’ ಬೇಕು. ‘ಕಸಾದೊ’, ಅಂದರೆ ವಿವಾಹಿತ, ಎಂಬ ಪದದೊಂದಿಗೆ ಎರಡೂ ಬಳಕೆಯಲ್ಲಿವೆ. ಪರೀಕ್ಷೆಯಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ‘ಎಸ್ತಾ’ಗೆ ಗುರುತು ಹಾಕಿ.