ಜರ್ಮನಿಯ ಮಿನಿಜಾಬ್: ವಾರದ ಗಂಟೆಯನ್ನು ತಿಂಗಳಿಗೆ ತರುವ ಲೆಕ್ಕ

ಜರ್ಮನಿಯಲ್ಲಿ ಕೆಲಸದ ಕರಾರಿನಲ್ಲಿ ಗಂಟೆ ಬರೆಯುವುದು ಸಾಮಾನ್ಯವಾಗಿ ವಾರದ ಲೆಕ್ಕದಲ್ಲಿ. ಸಂಬಳ ಬರುವುದು ತಿಂಗಳಿಗೆ. ಮಿನಿಜಾಬ್ ಅಂದರೆ ಸಂಬಳ ಒಂದು ಮಿತಿಯೊಳಗೆ ಇರುವ ಸಣ್ಣ ಕೆಲಸ, ಆ ಮಿತಿಯೂ ತಿಂಗಳಿಗೇ. ಹಾಗಾಗಿ ವಾರದಿಂದ ತಿಂಗಳಿಗೆ ಬರುವಾಗ ನಾವು ಸುಮ್ನೆ ನಾಲ್ಕರಿಂದ ಗುಣಿಸಿಬಿಡುತ್ತೇವೆ. ಸರಿಯಾಗಿ ನಾಲ್ಕು ವಾರ ಇರುವ ತಿಂಗಳು ಫೆಬ್ರವರಿ ಒಂದೇ, ಅದೂ ಅಧಿಕ ವರ್ಷ ಅಲ್ಲದಿದ್ದರೆ. ತಿಂಗಳಿಗೆ ನಾಲ್ಕು ವಾರ ಅಂತ ಹಿಡಿದರೆ ವರ್ಷಕ್ಕೆ 48 ವಾರ ಆಯಿತು. ಇನ್ನೂ ನಾಲ್ಕು ವಾರ ಲೆಕ್ಕದಿಂದಲೇ ಬಿಟ್ಟುಹೋಯಿತು, ಅಲ್ವಾ?

ಅದಕ್ಕೇ ಇಲ್ಲಿ ವರ್ಷದ 52 ವಾರವನ್ನು 12 ತಿಂಗಳಿಗೆ ಹಂಚುತ್ತಾರೆ. ಒಂದು ತಿಂಗಳಿಗೆ 4.33 ವಾರ ಬರುತ್ತದೆ.

```
ತಿಂಗಳ ಗಂಟೆ = ವಾರದ ಗಂಟೆ × 52 / 12
ವಾರದ ಗಂಟೆ = ತಿಂಗಳ ಗಂಟೆ × 12 / 52
```

ಈ ಲೆಕ್ಕ ಮಿನಿಜಾಬ್‌ನ ಕಾನೂನಿನ ಒಳಗೇ ಕೂತಿದೆ. ಮಿತಿ ಎಷ್ಟು ಅಂತ ತೀರ್ಮಾನಿಸಲು ಕನಿಷ್ಠ ವೇತನವನ್ನು 130ರಿಂದ ಗುಣಿಸಿ, 3ರಿಂದ ಭಾಗಿಸಿ, ಮುಂದಿನ ಪೂರ್ತಿ ಯೂರೋಗೆ ಏರಿಸುತ್ತಾರೆ. 130 ಎಂದರೆ ಮೂರು ತಿಂಗಳ 13 ವಾರ, ವಾರಕ್ಕೆ 10 ಗಂಟೆ. ಅಂದರೆ ಕನಿಷ್ಠ ವೇತನಕ್ಕೆ ವಾರಕ್ಕೆ 10 ಗಂಟೆ ದುಡಿಯುವವರು ಮಿತಿಯೊಳಗೆ ಉಳಿಯಬೇಕು ಎಂಬುದು ಉದ್ದೇಶ. 2026ರಲ್ಲಿ ಕನಿಷ್ಠ ವೇತನ ಗಂಟೆಗೆ 13.90 ಯೂರೋ. ಗುಣಿಸಿ ನೋಡಿದರೆ 602.33 ಬರುತ್ತದೆ, ಅದಕ್ಕೇ ಮಿತಿ 603. ಹಿಂದಿನ ವರ್ಷ ವೇತನ 12.82 ಇತ್ತು, ಮಿತಿ 556 ಇತ್ತು. ಅದೇ ಸೂತ್ರ.

ಇದರಲ್ಲಿ ಅಂಚು ಎಷ್ಟು ಕಡಿಮೆ ನೋಡಿ. ಕನಿಷ್ಠ ವೇತನಕ್ಕೆ 10 ಗಂಟೆ ಹಿಡಿದರೆ ಉಳಿಯುವುದು 67 ಸೆಂಟ್ ಮಾತ್ರ. ಗಂಟೆಗೆ ಸ್ವಲ್ಪ ಜಾಸ್ತಿ ಕೊಡುತ್ತೇವೆ ಅಂದರೆ ಅದೇ 10 ಗಂಟೆ ಮಿತಿ ದಾಟುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಂಡನಿಗೆ ಕಂಪನಿ ಕೆಲಸ, ಸರ್ಕಾರಿ ವ್ಯವಸ್ಥೆಯ ಹೆಲ್ತ್ ಇನ್ಶೂರೆನ್ಸ್. ಹೆಂಡತಿ ಅದರಲ್ಲೇ ಕುಟುಂಬದವರಾಗಿ ಪುಕ್ಕಟೆ ಸೇರಿದ್ದಾರೆ. ಅವರಿಗೆ ಒಂದು ಬೇಕರಿಯಲ್ಲಿ ಗಂಟೆಗೆ 14.50ರಂತೆ ವಾರಕ್ಕೆ 10 ಗಂಟೆ ಕೆಲಸ ಸಿಗುತ್ತದೆ. ನಾಲ್ಕು ವಾರದ ಲೆಕ್ಕದಲ್ಲಿ 40 ಗಂಟೆಗೆ 580 ಯೂರೋ, ಮಿತಿಗಿಂತ 23 ಕಡಿಮೆ. ನಿರಾಳ ಅನ್ನಿಸುತ್ತದೆ. ನಿಜವಾದ ಲೆಕ್ಕದಲ್ಲಿ ತಿಂಗಳಿಗೆ 43.33 ಗಂಟೆ, 628.33 ಯೂರೋ. ಮಿತಿಗಿಂತ 25 ಯೂರೋ ಮೇಲೆ.

ಹಾಗಾದರೆ ಎಷ್ಟು ಗಂಟೆ ಮಾಡಬಹುದು? 603ನ್ನು 14.50ರಿಂದ ಭಾಗಿಸಿ, ತಿಂಗಳಿಗೆ 41.58 ಗಂಟೆ. ಇಲ್ಲಿಂದ ವಾರಕ್ಕೆ ಬರಲು ನಾಲ್ಕರಿಂದ ಭಾಗಿಸಿದರೆ ಮತ್ತೆ 10.4 ಬರುತ್ತದೆ, ಮತ್ತೆ ಅದೇ ಹಳ್ಳಕ್ಕೆ ಬೀಳುತ್ತೀರಿ. 12/52ರಿಂದ ಗುಣಿಸಿದರೆ 9.59. ವಾರಕ್ಕೆ ಒಂಬತ್ತೂವರೆ ಗಂಟೆ ಅಂತ ಕರಾರು ಮಾಡಿಕೊಂಡರೆ ತಿಂಗಳಿಗೆ 596.92 ಆಗುತ್ತದೆ. ಕರಾರಿನಲ್ಲಿ ಕ್ರಿಸ್ಮಸ್ ಬೋನಸ್ ಖಚಿತ ಅಂತ ಬರೆದಿದ್ದರೆ ಅದೂ ವರ್ಷದ ಮೊತ್ತಕ್ಕೆ ಸೇರುತ್ತದೆ. ಆಗ ಇನ್ನೂ ಸ್ವಲ್ಪ ಕಡಿಮೆ ಮಾಡಬೇಕಾಗುತ್ತದೆ.

ಮಿತಿ ದಾಟಿದರೆ ಆಕಾಶ ಬೀಳುವುದಿಲ್ಲ. ಆ ಕೆಲಸ ಮಿನಿಜಾಬ್‌ಗಿಂತ ಒಂದು ಮೆಟ್ಟಿಲು ಮೇಲಿನ ಮಿಡಿಜಾಬ್ ಆಗುತ್ತದೆ, ಹೆಂಡತಿ ಗಂಡನ ಇನ್ಶೂರೆನ್ಸ್‌ನಿಂದ ಹೊರಬಂದು ತಮ್ಮದೇ ಹೆಸರಿನಲ್ಲಿ ಸೇರುತ್ತಾರೆ. ಮಿತಿಯ ಸ್ವಲ್ಪ ಮೇಲಿರುವವರ ಕೈಯಿಂದ ಕಡಿತವಾಗುವ ಸಾಮಾಜಿಕ ವಿಮೆಯ ವಂತಿಗೆ ಬಹಳ ಚಿಕ್ಕದು. ನೋವಾಗುವುದು ತೆರಿಗೆಯಲ್ಲಿ, ಅದರಲ್ಲೂ ಹೆಂಡತಿ ಐದನೇ ತೆರಿಗೆ ವರ್ಗದಲ್ಲಿದ್ದರೆ. ನನ್ನ ಮಟ್ಟಿಗೆ, ಯೋಚಿಸಿ ಮಿಡಿಜಾಬ್‌ಗೆ ಹೋಗುವುದು ಎಷ್ಟೋ ಸಲ ಒಳ್ಳೆಯದೇ, ನಿರುದ್ಯೋಗ ವಿಮೆಯೂ ಸಿಗುತ್ತದೆ. ಲೆಕ್ಕ ತಪ್ಪಿ ಗೊತ್ತಿಲ್ಲದೆ ಅಲ್ಲಿಗೆ ಜಾರುವುದೇ ತಲೆನೋವು.

ಒಂದು ತಿಂಗಳಲ್ಲಿ ಐದು ಶನಿವಾರ ಬಂದು ಸಂಬಳ 603 ದಾಟಿತು ಅಂತ ಮಾತ್ರಕ್ಕೆ ಗಾಬರಿ ಬೇಡ. ನೋಡುವುದು ಮುಂದಿನ 12 ತಿಂಗಳ ಅಂದಾಜನ್ನು. ವರ್ಷಕ್ಕೆ 7,236 ಯೂರೋ ಒಳಗಿದ್ದರೆ ತಿಂಗಳ ಏರಿಳಿತ ನಡೆಯುತ್ತದೆ.

ಆದರೆ 52/12 ಕೂಡ ಸರಾಸರಿಯೇ. 52 ವಾರ ಅಂದರೆ 364 ದಿನ, ವರ್ಷಕ್ಕೆ ಒಂದು ದಿನ ಉಳಿಯುತ್ತದೆ. ಅಂಚಿನಲ್ಲಿರುವವರಿಗೆ ಆ ಒಂದು ದಿನವೂ ಲೆಕ್ಕಕ್ಕೆ ಬರುತ್ತದೆ. 2026 ಗುರುವಾರ ಶುರುವಾಗಿ ಗುರುವಾರವೇ ಮುಗಿಯುತ್ತದೆ, ಹಾಗಾಗಿ 53 ಗುರುವಾರ. ಗುರುವಾರ 5, ಶನಿವಾರ 5 ಗಂಟೆ ದುಡಿದು, ಗಂಟೆ ಲೆಕ್ಕದಲ್ಲಿ ಕನಿಷ್ಠ ವೇತನ ಪಡೆಯುವವರಿಗೆ ಜನವರಿಯಿಂದ ಡಿಸೆಂಬರ್‌ಗೆ 525 ಗಂಟೆ ಆಗುತ್ತದೆ. ಮೊತ್ತ 7,297.50. ಕೆಲವು ಸಂಬಳದ ಕಚೇರಿಗಳು 4.35 ಎಂಬ ಗುಣಕ ಬಳಸುತ್ತವೆ, ಅದರಲ್ಲೂ 10 ಗಂಟೆಗೆ 604.65 ಬರುತ್ತದೆ. ಪೂರ್ತಿ 10 ಗಂಟೆ ಬೇಡ ಎಂದು ನಾನು ಹೇಳುವುದು ಇದಕ್ಕೇ. ತಿಂಗಳಿಗೆ 43 ಗಂಟೆ, 597.70 ಯೂರೋ ಅಂತ ತಿಂಗಳ ಲೆಕ್ಕವನ್ನೇ ಬರೆಸಿಕೊಂಡರೆ ಈ ರಗಳೆ ಇಲ್ಲ.

ಗಂಟೆಯನ್ನೇ ಬರೆಯದೆ, ಕೆಲಸ ಇದ್ದಾಗ ಕರೆಯುತ್ತೇವೆ ಎನ್ನುವ ಕರಾರು ಇದಕ್ಕಿಂತ ಅಪಾಯ. ಹಾಗೆ ಕರೆದಾಗ ಹೋಗುವ ಕೆಲಸಕ್ಕೆ ವಾರದ ಗಂಟೆ ನಿಗದಿಯಾಗಿಲ್ಲದಿದ್ದರೆ, ವಾರಕ್ಕೆ 20 ಗಂಟೆ ಒಪ್ಪಿಕೊಂಡಂತೆ ಎಂದು ಕಾನೂನು ತಿಳಿಯುತ್ತದೆ. 20 × 52 / 12 × 13.90 ಎಂದರೆ 1,204.67 ಯೂರೋ. ನಿಮ್ಮ ಕೈಗೆ ಬಂದದ್ದು 500 ಇದ್ದರೂ ತಪಾಸಣೆಗೆ ಬಂದವರು ವಂತಿಗೆ ಹಾಕುವುದು ಈ ಮೊತ್ತದ ಮೇಲೆ. ಗಂಟೆಯನ್ನೇ ಬರೆದಿಲ್ಲದ ಅಂಥ ಕಾಗದಕ್ಕೆ ಸಹಿ ಹಾಕಬೇಡಿ.

ಇದೇ ಲೆಕ್ಕ ನಿಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. ವಾರಕ್ಕೆ 20 ಗಂಟೆ, ತಿಂಗಳಿಗೆ 1,150 ಯೂರೋ ಎಂಬ ಆಫರ್ ಬಂತು ಅನ್ನಿ. 80 ಗಂಟೆಯಿಂದ ಭಾಗಿಸಿದರೆ ಗಂಟೆಗೆ 14.38, ಪರವಾಗಿಲ್ಲ ಅನ್ನಿಸುತ್ತದೆ. 86.67ರಿಂದ ಭಾಗಿಸಿದರೆ 13.27. ಕನಿಷ್ಠ ವೇತನಕ್ಕಿಂತ ಕಡಿಮೆ, ಅಂದರೆ ಕಾನೂನಿಗೆ ವಿರುದ್ಧ. ಗಂಟೆ ಲೆಕ್ಕದ ಕೆಲಸದಲ್ಲೂ ಪೇ ಸ್ಲಿಪ್ ನೋಡಿ. 20 ಗಂಟೆಯ ಕರಾರಿಗೆ ಪ್ರತಿ ತಿಂಗಳೂ ಸರಿಯಾಗಿ 80 ಗಂಟೆ ಬರೆದಿದ್ದರೆ ಯಾರೋ ನಾಲ್ಕರಿಂದ ಗುಣಿಸಿದ್ದಾರೆ. 15 ಯೂರೋ ಲೆಕ್ಕದಲ್ಲಿ ಅದು ತಿಂಗಳಿಗೆ 100 ಯೂರೋ.

ಓದುತ್ತಿರುವವರಿಗೆ ಒಂದು ಮಾತು. ಇನ್ಶೂರೆನ್ಸ್‌ನಲ್ಲಿ ವಿದ್ಯಾರ್ಥಿ ಸ್ಥಾನ ಉಳಿಸಿಕೊಳ್ಳಲು ಸೆಮಿಸ್ಟರ್ ನಡೆಯುವಾಗ ಇರುವ 20 ಗಂಟೆಯ ಮಿತಿಗೆ ಈ ಸೂತ್ರ ಹಾಕಬೇಡಿ. ಅದು ವಾರದ ಮಿತಿ. ತಿಂಗಳಿಗೆ 86 ಗಂಟೆ ಸಿಕ್ಕಿತು ಅಂತ ಒಂದು ವಾರ 30, ಇನ್ನೊಂದು ವಾರ 10 ಮಾಡಿ ಸರಿದೂಗಿಸಲು ಹೋಗಬೇಡಿ. ಅವರು ವಾರ ವಾರವೇ ಎಣಿಸುತ್ತಾರೆ.